ಅಂಗಡಿ ಲೆಸಿಥಿನ್‌ನಲ್ಲೇ ಬೈಲೇಯರ್ ಬಂತು: ನನ್ನ ಅನುಭವ

ರೋಟರಿ ಇವಾಪೊರೇಟರ್ ಇಲ್ಲ, ಎಕ್ಸ್‌ಟ್ರೂಡರ್ ಇಲ್ಲ, ಶುದ್ಧ ಲಿಪಿಡ್ ಕೊಳ್ಳಲು ದುಡ್ಡೂ ಇಲ್ಲ. ಹೀಗಿರುವಾಗ ಡಿಗ್ರಿ ಕಾಲೇಜಿನ ಲ್ಯಾಬಿನಲ್ಲಿ ಫಾಸ್ಫೋಲಿಪಿಡ್ ಬೈಲೇಯರ್, ಅಂದ್ರೆ ಲಿಪಿಡ್ ಅಣುಗಳು ಎರಡು ಸಾಲಾಗಿ ನಿಂತ ಪದರ, ತೋರಿಸೋದು ಆಗದ ಮಾತು ಅಂತ ಜೊತೆಯವರೆಲ್ಲ ಹೇಳಿದ್ದರು. ಈಗ ನಮ್ಮ ಮಕ್ಕಳು ಪ್ರತಿ ವರ್ಷ ಅದನ್ನು ಕಣ್ಣಾರೆ ನೋಡ್ತಿದ್ದಾರೆ. ಒಟ್ಟು ಖರ್ಚು ಸಾವಿರ ರೂಪಾಯಿ ಆಸುಪಾಸು ಇರಬಹುದು.

ಮೊದಲು ತಂದಿದ್ದು ಬೇಕರಿಗೆ ಬಳಸುವ ಜೇನಿನಂಥ ಗಟ್ಟಿ ಸೋಯಾ ಲೆಸಿಥಿನ್. ನೀರಿಗೆ ಹಾಕಿ ಅಲ್ಲಾಡಿಸಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತೆ. ಆದರೆ ಬೆಳ್ಳಗಾದ ಮಾತ್ರಕ್ಕೆ ಬೈಲೇಯರ್ ಆಯ್ತು ಅಂತಲ್ಲ. ಆ ಲೆಸಿಥಿನ್‌ನಲ್ಲಿ ಸುಮಾರು ಮೂರನೇ ಒಂದು ಭಾಗ ಬರೀ ಎಣ್ಣೆ. ಎಣ್ಣೆ ಅಂದ್ರೆ ಟ್ರೈಗ್ಲಿಸರೈಡ್. ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲ ಅಂಟಿದೆ, ಎಲ್ಲವೂ ಬಾಲವೇ, ನೀರಿನ ಜೊತೆ ಸೇರುವಂಥ ತಲೆಯೇ ಇಲ್ಲ. ಹಾಗಾಗಿ ಅದು ಹನಿಯಾಗಿ ಕೂರುತ್ತೆ. ಫಾಸ್ಫೋಲಿಪಿಡ್‌ನಲ್ಲಿ ಎರಡೇ ಬಾಲ. ಮೂರನೇ ಜಾಗದಲ್ಲಿ ಫಾಸ್ಫೇಟ್, ಅದರ ತುದಿಗೆ ಕೋಲೀನ್‌ನಂಥದ್ದೊಂದು ಗುಂಪು. ಅಲ್ಲಿ ವಿದ್ಯುದಂಶ ಇರೋದರಿಂದ ನೀರಿನ ಅಣುಗಳು ಅದನ್ನು ಸುತ್ತುವರಿದು ಹಿಡಿದುಕೊಳ್ಳುತ್ತವೆ.

ಎಣ್ಣೆ ತೆಗೆಯೋಕೆ ಅಸಿಟೋನ್ ಸಾಕು. ಎಣ್ಣೆ ಅದರಲ್ಲಿ ಕರಗುತ್ತೆ, ಫಾಸ್ಫೋಲಿಪಿಡ್ ಕರಗಲ್ಲ. ಲೆಸಿಥಿನ್‌ನ ಎಂಟು ಹತ್ತು ಪಟ್ಟು ತಣ್ಣನೆಯ ಅಸಿಟೋನ್ ಹಾಕಿ ಕಲಕಿ, ಮೇಲಿನದ್ದನ್ನು ಬಗ್ಗಿಸಿ ತೆಗೆಯಬೇಕು. ಮೂರ್ನಾಲ್ಕು ಸಲ ಮಾಡಿದರೆ ಅಂಟು ಹೋಗಿ ಹಳದಿ ಪುಡಿ ಸಿಗುತ್ತೆ. ಹತ್ತಿರದಲ್ಲಿ ಬರ್ನರ್ ಉರೀತಿರಬಾರದು.

ಆಮೇಲೆ ಫಿಲ್ಮ್. ಸುಮಾರು 20 ಮಿಲಿಗ್ರಾಂ ಪುಡಿಯನ್ನು 1 ಎಂಎಲ್ ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ, ಫ್ಯೂಮ್ ಹುಡ್ ಒಳಗೆ ಟೆಸ್ಟ್ ಟ್ಯೂಬನ್ನು ಓರೆಯಾಗಿ ಹಿಡಿದು ಉಗುರು ಬೆಚ್ಚಗಿನ ನೀರಿನಲ್ಲಿ ಕೈಯಿಂದಲೇ ತಿರುಗಿಸ್ತೀನಿ. ಗಾಜಿಗೆ ತೆಳು ಪದರ ಅಂಟುತ್ತೆ. ಪದರ ಎಲ್ಲೂ ದಪ್ಪವಾಗದ ಹಾಗೆ ತಿರುಗಿಸೋದರಲ್ಲಿ ಒಂದು ಕೈಚಳಕ ಇದೆ, ಅದನ್ನು ಲ್ಯಾಬಿಗೆ ಬಂದವರಿಗೆ ಮಾತ್ರ ತೋರಿಸ್ತೀನಿ. ರಾತ್ರಿಯಿಡೀ ನಿರ್ವಾತದ ಡೆಸಿಕೇಟರ್‌ನಲ್ಲಿ ಇಡಲೇಬೇಕು. ಕ್ಲೋರೋಫಾರ್ಮ್ ಉಳಿದರೆ ಅದು ಬಾಲಗಳ ನಡುವೆ ಸೇರಿ ಪದರವನ್ನೇ ಕೆಡಿಸುತ್ತೆ.

ಬೆಳಿಗ್ಗೆ 2 ಎಂಎಲ್ ಡಿಸ್ಟಿಲ್ಡ್ ನೀರು ಹಾಕಿ ಅರ್ಧ ಗಂಟೆ ಸುಮ್ನೆ ಬಿಡಬೇಕು, ಆಮೇಲೆ ಅಲ್ಲಾಡಿಸಬೇಕು. ಬೋರ್‌ವೆಲ್ ನೀರು ಬೇಡ. ನಮ್ಮೂರಿನ ಗಡಸು ನೀರಿನಲ್ಲಿ ಎಲ್ಲ ಮುದ್ದೆ ಕಟ್ಟಿತ್ತು. ಸೋಯಾ ಲೆಸಿಥಿನ್‌ನಲ್ಲಿ ಋಣ ವಿದ್ಯುದಂಶದ ತಲೆಗಳೂ ಇವೆ. ಕ್ಯಾಲ್ಸಿಯಂ ಅವುಗಳಿಗೆ ಅಂಟಿಕೊಂಡು ಒಂದನ್ನೊಂದು ಜೋಡಿಸಿಬಿಡುತ್ತೆ.

ಬೈಲೇಯರ್ ಆಗಿದೆಯೋ ಬರೀ ಎಣ್ಣೆ ಹನಿಯೋ ಅಂತ ತಿಳಿಯೋದು ಹೇಗೆ? ಹಾಳಾದ ಕ್ಯಾಲ್ಕುಲೇಟರ್‌ನ ಡಿಸ್‌ಪ್ಲೇಯಿಂದ ಕಿತ್ತ ಎರಡು ಪೋಲರಾಯ್ಡ್ ಹಾಳೆ ತಗೊಂಡೆ. ಒಂದು ಸ್ಲೈಡಿನ ಕೆಳಗೆ, ಇನ್ನೊಂದು ಐಪೀಸ್ ಮೇಲೆ. ಬೆಳಕು ಪೂರ್ತಿ ಕಪ್ಪಾಗುವ ತನಕ ಮೇಲಿನದ್ದನ್ನು ತಿರುಗಿಸಿದೆ. ಎಣ್ಣೆ ಹನಿ ಕತ್ತಲಲ್ಲಿ ಮಾಯ. ಆದರೆ 40ಎಕ್ಸ್‌ನಲ್ಲಿ ಅಲ್ಲಲ್ಲಿ ಪುಟ್ಟ ದುಂಡನೆಯ ಚುಕ್ಕಿಗಳು ಹೊಳೆಯುತ್ತಿದ್ದವು. ಪ್ರತಿಯೊಂದರಲ್ಲೂ ನಾಲ್ಕು ಬೆಳಕಿನ ದಳ, ನಡುವೆ ಕಪ್ಪು ಶಿಲುಬೆ. ಈರುಳ್ಳಿಯ ಹಾಗೆ ಪದರದೊಳಗೆ ಪದರ ಇದ್ದು, ಅಣುಗಳೆಲ್ಲ ಕೇಂದ್ರದಿಂದ ಹೊರಕ್ಕೆ ಸಾಲಾಗಿ ನಿಂತಾಗ ಮಾತ್ರ ಈ ಶಿಲುಬೆ ಕಾಣುತ್ತೆ. ಒಂದೊಂದು ಬೈಲೇಯರ್ 4–5 ನ್ಯಾನೋಮೀಟರ್ ಅಷ್ಟೇ, ಅದು ಈ ಮೈಕ್ರೋಸ್ಕೋಪಿಗೆ ಕಾಣಲ್ಲ. ನೂರಾರು ಸೇರಿದ್ದಕ್ಕೆ ಕಂಡಿದ್ದು.

ಅಷ್ಟನ್ನೂ ಜೋಡಿಸಿದ್ದು ಯಾರು? ಮಕ್ಕಳು ಬಾಲಗಳು ನೀರನ್ನು ದ್ವೇಷಿಸುತ್ತವೆ ಅಂತ ಬರೀತಾರೆ. ನನ್ನ ಪ್ರಕಾರ ಅದನ್ನು ತಿದ್ದಲೇಬೇಕು. ನಿಜವಾದ ಒತ್ತಾಯ ನೀರಿನದ್ದು. ನೀರಿನ ಅಣುಗಳು ಸದಾ ಒಂದಕ್ಕೊಂದು ಬಂಧ ಬದಲಾಯಿಸುತ್ತ ಓಡಾಡುತ್ತವೆ. ನಡುವೆ ಬಾಲ ಬಂದರೆ ಅದರ ಜೊತೆ ಬಂಧ ಸಾಧ್ಯವಿಲ್ಲ, ಹಾಗಾಗಿ ಅದರ ಸುತ್ತ ಕಟ್ಟುನಿಟ್ಟಾಗಿ ನಿಲ್ಲಬೇಕಾಗುತ್ತೆ. ಬಾಲಗಳು ಒಂದೆಡೆ ಸೇರಿದರೆ ಆ ನೀರೆಲ್ಲ ಬಿಡುಗಡೆಯಾಗುತ್ತೆ. ಅದಕ್ಕೇ ಬಾಲ ಒಳಗೆ, ತಲೆ ಹೊರಗೆ. ಹಾಳೆಯ ಅಂಚಿನಲ್ಲೂ ಬಾಲ ನೀರಿಗೆ ಸಿಗುತ್ತೆ ಅಲ್ವಾ? ಅದಕ್ಕೆ ಹಾಳೆ ಬಾಗಿ ಗುಳ್ಳೆಯಾಗಿ ಮುಚ್ಚಿಕೊಳ್ಳುತ್ತೆ. 1960ರ ದಶಕದಲ್ಲಿ ಕೇಂಬ್ರಿಡ್ಜ್ ಬಳಿಯ ಬಾಬ್ರಹಾಮ್‌ನಲ್ಲಿ ಅಲೆಕ್ ಬ್ಯಾಂಗಮ್ ಲೆಸಿಥಿನ್‌ನಲ್ಲಿ ಕಂಡಿದ್ದೂ ಇಂಥ ಗುಳ್ಳೆಗಳನ್ನೇ.

ಎರಡು ಬಾಲ ಯಾಕೆ ಬೇಕು ಅಂತ ನೋಡಲು ಇನ್ನೊಂದು ಆಟ ಆಡಿದೆ. ಆ ಹಾಲಿನಂಥ ದ್ರವಕ್ಕೆ ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ದ್ರಾವಣವನ್ನು ಹನಿಹನಿಯಾಗಿ ಹಾಕಿದೆ. ಇದೂ ತಲೆ-ಬಾಲದ ಅಣುವೇ, ಆದರೆ ಒಂದೇ ಬಾಲ. ತಲೆ ಅಗಲ, ಕೆಳಗೆ ಕಿರಿದು. ಅದು ಚಪ್ಪಟೆ ಹಾಳೆಯಾಗದೆ ಪುಟ್ಟ ಉಂಡೆಯಾಗುತ್ತೆ, ಅದೇ ಮೈಸೆಲ್. ಎರಡು ಬಾಲ ಇದ್ದರೆ ಮೇಲೂ ಕೆಳಗೂ ಅಗಲ ಹೆಚ್ಚುಕಮ್ಮಿ ಒಂದೇ, ಪಕ್ಕಪಕ್ಕ ನೇರ ನಿಲ್ಲುತ್ತೆ. ಎಸ್‌ಡಿಎಸ್ ಜಾಸ್ತಿಯಾಗುತ್ತಿದ್ದಂತೆ ಬಿಳುಪು ಹೋಗಿ ದ್ರವ ತಿಳಿಯಾಯ್ತು, ಸ್ಲೈಡಿನಲ್ಲಿ ಒಂದು ಶಿಲುಬೆಯೂ ಉಳಿದಿರಲಿಲ್ಲ. ಅಸಿಟೋನ್‌ನಲ್ಲಿ ತೊಳೆಯದ ಲೆಸಿಥಿನ್‌ಗೆ ಹಾಕಿದಾಗ ಮಾತ್ರ ಎಣ್ಣೆಯಿಂದಾಗಿ ಮಬ್ಬು ಉಳಿದೇ ಇತ್ತು. ಪುಡಿ ಸರಿಯಾಗಿ ತೊಳೆದಿದೆಯಾ ಅಂತ ನೋಡಲು ಈಗ ಇದನ್ನೇ ಪರೀಕ್ಷೆಯಾಗಿ ಬಳಸ್ತೀನಿ.