ಮೈಸೂರು ಕರ್ನಾಟಕವಾದದ್ದು ಎಷ್ಟನೇ ತಿದ್ದುಪಡಿಯಿಂದ? ನಮ್ಯ–ಅನಮ್ಯ ಪ್ರಶ್ನೆ ಬಿಡಿಸುವ ಬಗೆ

ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. 1973ರ ನವೆಂಬರ್ 1ರಂದು ಮೈಸೂರು ರಾಜ್ಯದ ಹೆಸರು ಕರ್ನಾಟಕ ಎಂದಾಯಿತು. ಇದು ಸಂವಿಧಾನದ ಎಷ್ಟನೇ ತಿದ್ದುಪಡಿ? ತರಗತಿಯಲ್ಲಿ ಕೇಳಿದರೆ ಯಾರಾದರೂ ಒಬ್ಬರು ಒಂದು ಸಂಖ್ಯೆ ಹೇಳಿಯೇ ಹೇಳುತ್ತಾರೆ. ಸರಿಯುತ್ತರದಲ್ಲಿ ಸಂಖ್ಯೆಯೇ ಇಲ್ಲ. ಅದು ಸಂವಿಧಾನ ತಿದ್ದುವ ವಿಧಾನ ಹೇಳುವ 368ನೇ ವಿಧಿಯ ತಿದ್ದುಪಡಿಯೇ ಅಲ್ಲ.

ಸಂವಿಧಾನದ ಮೊದಲ ಅನುಸೂಚಿಯಲ್ಲಿ ‘ಮೈಸೂರು’ ಎಂದಿದ್ದ ಕಡೆ ‘ಕರ್ನಾಟಕ’ ಎಂದು ಬಂತು. ಅಂದರೆ ಸಂವಿಧಾನದ ಪಠ್ಯ ಬದಲಾಗಿದ್ದು ನಿಜ. ಆದರೆ 3ನೇ ವಿಧಿಯ ಪ್ರಕಾರ ರಾಜ್ಯದ ಹೆಸರು, ಗಡಿ ಬದಲಿಸಲು ಸಂಸತ್ತಿನಲ್ಲಿ ಸರಳ ಬಹುಮತ ಸಾಕು. ಇಂಥ ಕಾನೂನನ್ನು 368ರ ತಿದ್ದುಪಡಿ ಎಂದು ಎಣಿಸಬಾರದು ಅಂತ 4ನೇ ವಿಧಿ ನೇರವಾಗಿ ಹೇಳುತ್ತದೆ. ಇದೊಂದು ಅರ್ಥವಾದರೆ, ಸಂವಿಧಾನ ಸುಲಭವಾಗಿ ತಿದ್ದಬಹುದಾದ ನಮ್ಯವೋ, ತಿದ್ದಲು ಕಷ್ಟವಾದ ಅನಮ್ಯವೋ ಎಂಬ ಮುಂದಿನ ಪ್ರಶ್ನೆಯೂ ಸುಲಭ.

ಮೊದಲು ದಾರಿ ಗುರುತಿಸಿ

ಪ್ರಶ್ನೆ ಓದಿದ ಕೂಡಲೇ ‘ಬದಲಾಗುತ್ತಿರುವುದು ಏನು, ಅದಕ್ಕೆ ಯಾವ ದಾರಿ’ ಅಂತ ಕೇಳಿಕೊಳ್ಳಿ. ನಮ್ಮ ಸಂವಿಧಾನದಲ್ಲಿ ದಾರಿ ಮೂರು. ಒಂದು, ಈಗ ನೋಡಿದ ಸರಳ ಬಹುಮತದ್ದು. ಹೊಸ ರಾಜ್ಯ ರಚನೆ, ವಿಧಾನ ಪರಿಷತ್ತಿನ ರದ್ದತಿ ಅಥವಾ ಸ್ಥಾಪನೆ ಇದರಲ್ಲೇ ಬರುತ್ತವೆ.

ಎರಡನೆಯದು ಸಂಸತ್ತಿನ ವಿಶೇಷ ಬಹುಮತ. ಹೆಚ್ಚಿನ ವಿಧಿಗಳು ಈ ಸಾಲಿನವು. ಇಲ್ಲಿಗೆ ನಮ್ಮದೇ ಉದಾಹರಣೆ 371ಜೆ. ಆಗ ಹೈದರಾಬಾದ್ ಕರ್ನಾಟಕ ಎನ್ನುತ್ತಿದ್ದ, ಈಗಿನ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ 98ನೇ ತಿದ್ದುಪಡಿ. ಇದರಲ್ಲಿ ಜಾರುವುದು ಹೀಗೆ: ‘ಕರ್ನಾಟಕಕ್ಕೆ ಮಾತ್ರ ಸಂಬಂಧಿಸಿದ್ದು, ಹಾಗಾಗಿ ಕರ್ನಾಟಕ ವಿಧಾನಸಭೆ ಅನುಮೋದಿಸಲೇಬೇಕು’ ಎಂಬ ಆಯ್ಕೆಗೆ ಟಿಕ್ ಹಾಕುವುದು. ಕೇಳಲು ನ್ಯಾಯವಾಗಿಯೇ ಇದೆ, ಆದರೆ ತಪ್ಪು. ರಾಜ್ಯಗಳ ಅನುಮೋದನೆ ಬೇಕೋ ಬೇಡವೋ ಎನ್ನುವುದು ಯಾವ ವಿಧಿ ಬದಲಾಗುತ್ತದೆ ಎಂಬುದರ ಮೇಲೆ ನಿಲ್ಲುತ್ತದೆ. ಯಾವ ರಾಜ್ಯಕ್ಕೆ ಲಾಭ ಎಂಬುದರ ಮೇಲಲ್ಲ.

ಮೂರನೆಯದರಲ್ಲಿ ವಿಶೇಷ ಬಹುಮತದ ಜೊತೆಗೆ ರಾಜ್ಯಗಳ ಶಾಸಕಾಂಗಗಳ ಒಪ್ಪಿಗೆಯೂ ಬೇಕು. ಕೇಂದ್ರ–ರಾಜ್ಯಗಳ ನಡುವಿನ ಅಧಿಕಾರ ಹಂಚಿಕೆಯನ್ನು ಮುಟ್ಟಿದರೆ ಈ ದಾರಿ. ರಾಷ್ಟ್ರಪತಿ ಚುನಾವಣೆ, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್, 7ನೇ ಅನುಸೂಚಿಯ ಪಟ್ಟಿಗಳು, ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯ, ಮತ್ತು ಸ್ವತಃ 368ನೇ ವಿಧಿ. 2016ರಲ್ಲಿ ಜಿಎಸ್‌ಟಿ ತಂದ 101ನೇ ತಿದ್ದುಪಡಿ ಹೋಗಿದ್ದು ಇದೇ ದಾರಿಯಲ್ಲಿ. ಇಲ್ಲೊಂದು ಪದ ಗಮನಿಸಿ. ಬೇಕಿರುವುದು ‘ಅರ್ಧಕ್ಕೆ ಕಡಿಮೆ ಇಲ್ಲದಷ್ಟು’ ರಾಜ್ಯಗಳು. ‘ಅರ್ಧಕ್ಕಿಂತ ಹೆಚ್ಚು’ ಅಲ್ಲ. ಈಗ 28 ರಾಜ್ಯಗಳಿವೆ, 14 ಒಪ್ಪಿದರೆ ಸಾಕು. 15 ಅಂತ ಬರೆದು ಅಂಕ ಬಿಡಬೇಡಿ. ರಾಜ್ಯಗಳಲ್ಲಿ ಇದಕ್ಕೆ ಸರಳ ಬಹುಮತವೇ ಸಾಕು.

ಆಮೇಲೆ ಲೆಕ್ಕ ಮಾಡಿ

ವಿಶೇಷ ಬಹುಮತ ಎಂದರೆ ಮೂರನೇ ಎರಡು ಅಂತ ಬರೆದು ಸುಮ್ನೆ ಬಿಡುವವರೇ ಜಾಸ್ತಿ. ನಿಜಕ್ಕೂ ಅದು ಎರಡು ಷರತ್ತು. ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗಕ್ಕೆ ಕಡಿಮೆ ಇರಬಾರದು. ಜೊತೆಗೆ ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪರವಾಗಿರಬೇಕು. ಎರಡೂ ಸದನಗಳಲ್ಲಿ, ಬೇರೆ ಬೇರೆಯಾಗಿ. ಜಂಟಿ ಅಧಿವೇಶನಕ್ಕೆ ಅವಕಾಶವಿಲ್ಲ.

ಲೋಕಸಭೆಯ 543 ಸ್ಥಾನ ತೆಗೆದುಕೊಳ್ಳಿ. 500 ಮಂದಿ ಹಾಜರಿದ್ದಾರೆ, 40 ಮಂದಿ ಮತ ಹಾಕದೆ ತಟಸ್ಥರಾಗಿದ್ದಾರೆ. ತಟಸ್ಥರು ಲೆಕ್ಕಕ್ಕಿಲ್ಲ, ಉಳಿದವರು 460. ಅದರ ಮೂರನೇ ಎರಡು 306.67, ಅಂದರೆ 307 ಮತ ಬೇಕು. ಅದೇ ಬರೀ 390 ಮಂದಿ ಮತ ಹಾಕಿದರೆ? ಮೂರನೇ ಎರಡು 260. ಆದರೆ 260 ಬಂದರೂ ಮಸೂದೆ ಬೀಳುತ್ತದೆ, ಏಕೆಂದರೆ 543ರ ಅರ್ಧ ದಾಟಲು 272 ಬೇಕು. ಎರಡೂ ಸಂಖ್ಯೆ ಬರೆದುಕೊಂಡು ದೊಡ್ಡದನ್ನು ಆರಿಸಿ, ಅಷ್ಟೇ.

ಇಲ್ಲಿ ಭಿನ್ನರಾಶಿಯೂ ಆಟ ಕೆಡಿಸುತ್ತದೆ. ಹಿಂದಿನ ಸಂಸ್ಥಾನಗಳ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ರದ್ದು ಮಾಡುವ ಮಸೂದೆ 1970ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಪಾಸಾಗಿ ರಾಜ್ಯಸಭೆಗೆ ಬಂತು. ಅಲ್ಲಿ ಪರ 149, ವಿರೋಧ 75. ಒಟ್ಟು 224. ಅದರ ಮೂರನೇ ಎರಡು 149.33. ಮಸೂದೆ ಬಿತ್ತು! ವಿರೋಧಿಗಳ ಎರಡರಷ್ಟು ಮತ ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ಒಂದು ಮತದ ಮೂರನೇ ಒಂದು ಭಾಗ ಕಡಿಮೆ ಬಿತ್ತು. ಕೊನೆಗೆ ಆ ಕೆಲಸ ಆಗಿದ್ದು 1971ರ 26ನೇ ತಿದ್ದುಪಡಿಯಲ್ಲಿ. ಹಾಗಾಗಿ 149.33 ಬಂದರೆ 149 ಅಲ್ಲ, ಯಾವಾಗಲೂ ಮೇಲಿನ ಪೂರ್ಣಸಂಖ್ಯೆ, 150.

ಇನ್ನು ನಮ್ಯವೋ ಅನಮ್ಯವೋ?

ಈ ಎರಡು ಪದಗಳನ್ನು ಚಾಲ್ತಿಗೆ ತಂದದ್ದು ಬ್ರಿಟನ್ನಿನ ಜೇಮ್ಸ್ ಬ್ರೈಸ್. ಅಳತೆಗೋಲು ಒಂದೇ: ಸಂವಿಧಾನ ಬದಲಿಸಲು ಮಾಮೂಲಿ ಕಾನೂನಿಗಿಂತ ಬೇರೆಯಾದ, ಕಷ್ಟದ ವಿಧಾನ ಬೇಕೇ? ಬೇಡವಾದರೆ ನಮ್ಯ, ಬೇಕಾದರೆ ಅನಮ್ಯ. ಲಿಖಿತವಾದದ್ದೆಲ್ಲ ಅನಮ್ಯ ಅಂತ ಬರೆಯುವುದು ಹಳೆಯ ತಪ್ಪು. ಬಹಳ ಸಲ ತಿದ್ದಿದ್ದಾರೆ, ಆದ್ದರಿಂದ ನಮ್ಯ ಎನ್ನುವುದು ಅದರ ತಮ್ಮ. ಎಷ್ಟು ಸಲ ತಿದ್ದಿದರು ಎನ್ನುವುದಕ್ಕೆ ಯಾವ ಪಕ್ಷಕ್ಕೆ ಎಷ್ಟು ಬಲವಿತ್ತು ಎಂಬುದೂ ಕಾರಣವಾಗಬಹುದು, ಅಲ್ವಾ?

ದೀರ್ಘ ಉತ್ತರಕ್ಕೆ ಒಂದೊಂದೇ ಘಟನೆ ಸಾಕು. ಬ್ರಿಟನ್ 2011ರಲ್ಲಿ ಒಂದು ಕಾನೂನು ಮಾಡಿ, ಅವಧಿಗೆ ಮುಂಚೆ ಚುನಾವಣೆ ಬೇಕೆಂದರೆ ಕಾಮನ್ಸ್ ಸಭೆಯ ಮೂರನೇ ಎರಡು ಸದಸ್ಯರ ಒಪ್ಪಿಗೆ ಬೇಕು ಎಂದಿತು. 2019ರಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್‌ಗೆ ಅಷ್ಟು ಮತ ಸಿಗಲಿಲ್ಲ. ಏನು ಮಾಡಿದರು? ಸರಳ ಬಹುಮತ ಸಾಕಾಗುವ ಇನ್ನೊಂದು ಪುಟ್ಟ ಕಾನೂನು ತಂದು ಡಿಸೆಂಬರ್ 12ಕ್ಕೆ ಚುನಾವಣೆ ನಿಗದಿ ಮಾಡಿಸಿದರು. ನಮ್ಯ ಎಂದರೆ ಇದು. ಅಮೆರಿಕದಲ್ಲಿ ಇಂಥ ಪಕ್ಕದ ಬಾಗಿಲಿಲ್ಲ. ಅಲ್ಲಿ ತಿದ್ದುಪಡಿಗೆ 50ರಲ್ಲಿ 38 ರಾಜ್ಯಗಳು ಒಪ್ಪಬೇಕು. 1919ರಲ್ಲಿ 18ನೇ ತಿದ್ದುಪಡಿಯಿಂದ ಪಾನನಿಷೇಧ ಬಂತು. ಸಾಕಪ್ಪಾ ಅನ್ನಿಸಿದಾಗ ಅದನ್ನು ತೆಗೆಯಲು 1933ರಲ್ಲಿ 21ನೇ ತಿದ್ದುಪಡಿಯನ್ನೇ ತರಬೇಕಾಯಿತು.

ಭಾರತದ ಬಗ್ಗೆ ‘ಭಾಗಶಃ ನಮ್ಯ, ಭಾಗಶಃ ಅನಮ್ಯ’ ಎಂಬ ಸಾಲಿಗೆ ಒಂದು ಅಂಕ ಬರಬಹುದು. ಉಳಿದ ಅಂಕ ಬರುವುದು ಮೈಸೂರು ಹೆಸರು ಬದಲಾವಣೆ, 371ಜೆ, ಜಿಎಸ್‌ಟಿ, ಈ ಮೂರನ್ನು ಮೂರು ದಾರಿಗೆ ಸರಿಯಾಗಿ ಜೋಡಿಸಿದಾಗ. ಜಾಗ ಉಳಿದರೆ 1973ರ ಕೇಶವಾನಂದ ಭಾರತಿ ತೀರ್ಪನ್ನೂ ಸೇರಿಸಿ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಹಾಕಿದ್ದ ಮೊಕದ್ದಮೆ ಅದು. ಎಷ್ಟೇ ಬಹುಮತವಿದ್ದರೂ ಸಂವಿಧಾನದ ಮೂಲ ಸಂರಚನೆಯನ್ನು ಸಂಸತ್ತು ಮುಟ್ಟುವಂತಿಲ್ಲ ಎಂದು 13 ನ್ಯಾಯಮೂರ್ತಿಗಳ ಪೀಠ 7–6ರಲ್ಲಿ ಹೇಳಿತು.

ಈಗ ನೀವೇ ಒಂದು ಬಿಡಿಸಿ: ಕರ್ನಾಟಕದ ವಿಧಾನ ಪರಿಷತ್ತನ್ನು ರದ್ದು ಮಾಡಬೇಕು, ಎಲ್ಲಿ ಯಾವ ಬಹುಮತ ಬೇಕು? 169ನೇ ವಿಧಿ ನೋಡಿ. ವಿಧಾನಸಭೆ ವಿಶೇಷ ಬಹುಮತದಿಂದ ನಿರ್ಣಯ ಮಾಡಬೇಕು, ಸಂಸತ್ತಿಗೆ ಸರಳ ಬಹುಮತ ಸಾಕು. ಆದರೆ ವಿಧಾನಸಭೆ ನಿರ್ಣಯ ಮಾಡಿತೆಂದು ಸಂಸತ್ತು ಒಪ್ಪಲೇಬೇಕಿಲ್ಲ.