ಮೂರು ಸಲ ವಾಪಸ್ ಬಂದ ಪೇಪರಿಗೆ ನಾನು ಶೀರ್ಷಿಕೆ ಬದಲಿಸಿದ್ದು ಹೀಗೆ

"ಟೈಟಲ್‌ನಲ್ಲಿ ಏನಿದೆ ಬಿಡಿ, ಒಳಗಿನ ಡೇಟಾ ನೋಡ್ತಾರೆ" ಎಂದು ನನ್ನ ಹಿರಿಯ ಸಹ-ಲೇಖಕರು ನಗುತ್ತಿದ್ದರು. ಪೇಪರ್ ಮೂರು ಸಲ ವಾಪಸ್ ಬಂತು. ನಾಲ್ಕನೇ ಸಲ ನಾನು ಡೇಟಾ ಮುಟ್ಟಲಿಲ್ಲ. ಶೀರ್ಷಿಕೆ, ಅದಕ್ಕೆ ಹೊಂದುವಂತೆ ಅಬ್‌ಸ್ಟ್ರ್ಯಾಕ್ಟಿನ ಕೊನೆಯ ಸಾಲು, ಇಷ್ಟೇ ಬದಲಿಸಿದೆ. ರಿವ್ಯೂಗೆ ಹೋಯಿತು, ಸಣ್ಣಪುಟ್ಟ ತಿದ್ದುಪಡಿ ಕೇಳಿದರು, ಅಚ್ಚಾಯಿತು.

ಕೆಲಸ ಇಷ್ಟು: ಒಂದು ಆಸ್ಪತ್ರೆಯ ಸುಮಾರು 200 ನರ್ಸ್‌ಗಳು. ತಿಂಗಳಿಗೆ ಎಷ್ಟು ನೈಟ್ ಮಾಡ್ತಾರೆ ಅನ್ನೋದನ್ನು ಡ್ಯೂಟಿ ಪಟ್ಟಿಯಿಂದ ತೆಗೆದುಕೊಂಡು, ಬೆಳಿಗ್ಗೆ ಒಂದೇ ಸಲ ಅವರ ರಕ್ತದೊತ್ತಡ ನೋಡಿದೆವು. ಜಾಸ್ತಿ ನೈಟ್ ಮಾಡಿದವರಲ್ಲಿ ಅದು ಸ್ವಲ್ಪ ಮೇಲಿತ್ತು.

ಮೊದಲ ಶೀರ್ಷಿಕೆ, ಕನ್ನಡದಲ್ಲಿ ಹೇಳಿದರೆ, "ರಾತ್ರಿ ಪಾಳಿ ಮತ್ತು ಆರೋಗ್ಯ: ಒಂದು ಅಧ್ಯಯನ". ಮೂರೇ ದಿನಕ್ಕೆ ಎಡಿಟರ್ ಮೇಜಿನಿಂದಲೇ ವಾಪಸ್. ಯಾರ ಆರೋಗ್ಯ, ಯಾವ ಆರೋಗ್ಯ ಅಂತ ಅದರಲ್ಲಿ ಎಲ್ಲಿತ್ತು? ಸಿಟ್ಟಿನಲ್ಲಿ ಎರಡನೇ ಸಲ ಎಲ್ಲವನ್ನೂ ತುಂಬಿದೆ. ವಯಸ್ಸು, ಉಪಕರಣ, ಅವಧಿ ಸೇರಿ ಮೂವತ್ತು ಚಿಲ್ಲರೆ ಪದ. "ನಿರ್ಣಯಿಸಲು ಮತ್ತು ವಿಶ್ಲೇಷಿಸಲು ನಡೆಸಿದ" ಎಂಬಂಥ ಪೀಠಿಕೆಯೆಲ್ಲ ಮುಗಿದು "ರಕ್ತದೊತ್ತಡ" ಬರುವಾಗ ಹತ್ತೊಂಬತ್ತನೇ ಪದವೇನೋ ಆಗಿತ್ತು. ಭಾಷೆ ತಿದ್ದುವವರಿಗೆ ಅರ್ಧ ತಿಂಗಳ ಸಂಬಳ ಕೊಟ್ಟೆ. ಅವರು ವ್ಯಾಕರಣ ಸರಿಮಾಡಿದರು, ಒಂದು ಪದವನ್ನೂ ಕಡಿಮೆ ಮಾಡಲಿಲ್ಲ. ಪದಕ್ಕಿಷ್ಟು ಅಂತ ದುಡ್ಡು ತಗೊಳ್ಳೋರು ಯಾಕೆ ಮಾಡ್ತಾರೆ, ಅಲ್ವಾ?

ಮೂರನೆಯದು ನನ್ನ ದೊಡ್ಡ ತಪ್ಪು. "ರಾತ್ರಿ ಪಾಳಿ ನರ್ಸ್‌ಗಳ ರಕ್ತದೊತ್ತಡ ಹೆಚ್ಚಿಸುತ್ತದೆ." ಓದಲು ಚೆನ್ನಾಗಿತ್ತು, ರಿವ್ಯೂಗೂ ಹೋಯಿತು. ಅಲ್ಲಿ ಒಬ್ಬರು ಹಿಡಿದುಕೊಂಡರು: "ಒಂದೇ ಸಲ ಅಳೆದಿದ್ದೀರಿ. ಬಿಪಿ ಇದ್ದವರು ಮೊದಲೇ ನೈಟ್ ಬಿಟ್ಟು ಡೇ ಡ್ಯೂಟಿಗೆ ಹೋಗಿರಬಹುದು. 'ಹೆಚ್ಚಿಸುತ್ತದೆ' ಅಂತ ಹೇಗೆ ಹೇಳ್ತೀರಿ?" ಉತ್ತರ ಇರಲಿಲ್ಲ. ಹೀಗೆ ಜನ ಜಾಗ ಬದಲಿಸಿದ್ದರೆ ನಿಜವಾದ ವ್ಯತ್ಯಾಸ ನಮಗೆ ಕಂಡದ್ದಕ್ಕಿಂತ ದೊಡ್ಡದೂ ಇರಬಹುದು. ಆದರೂ ಕಾರಣ ಅಂತ ಹೇಳೋ ಹಕ್ಕು ಇಂಥ ಡೇಟಾಕ್ಕಿಲ್ಲ. "ಪರಿಣಾಮ" ಅನ್ನೋ ಪದವೂ ಅದೇ ಜಾತಿ, ಮೆತ್ತಗೆ ಕಾಣುತ್ತದೆ ಅಷ್ಟೇ.

ಆಮೇಲೆ ಕೂತು ಒಂದು ಕೆಲಸ ಮಾಡಿದೆ. ಬರೀ ಶೀರ್ಷಿಕೆಯನ್ನು ಚೀಟಿಯಲ್ಲಿ ಬರೆದು, ಬೇರೆ ವಿಭಾಗದ ಮೂವರಿಗೆ ಕೊಟ್ಟೆ. ಯಾರ ಮೇಲೆ, ಏನನ್ನು ಅಳೆದರು, ಯಾವ ರೀತಿಯ ಅಧ್ಯಯನ ಅಂತ ಒಂದೇ ಸಾಲಿನಲ್ಲಿ ಬರೆಯಿರಿ ಅಂದೆ. ಮೂರನೇ ಶೀರ್ಷಿಕೆ ನೋಡಿದವರಲ್ಲಿ ಇಬ್ಬರು "ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ" ಎಂದು ಬರೆದರು. ರಿವ್ಯೂ ಮಾಡಿದವರ ತಕರಾರು ಅಲ್ಲೇ ಸಿಕ್ಕಿಬಿಟ್ಟಿತು, ಅದೂ ಪುಕ್ಕಟೆ.

ಕೊನೆಗೆ ನಿಂತದ್ದು: "ರಾತ್ರಿ ಪಾಳಿಯ ನರ್ಸ್‌ಗಳಲ್ಲಿ ತಿಂಗಳ ಪಾಳಿಗಳ ಸಂಖ್ಯೆ ಮತ್ತು ಬೆಳಗಿನ ರಕ್ತದೊತ್ತಡ: ಒಂದೇ ಆಸ್ಪತ್ರೆಯ ಕ್ರಾಸ್-ಸೆಕ್ಷನಲ್ ಅಧ್ಯಯನ". ಕ್ರಾಸ್-ಸೆಕ್ಷನಲ್ ಅಂದರೆ ಎಲ್ಲರನ್ನೂ ಒಂದೇ ಸಲ ಅಳೆದು ನೋಡುವ ಬಗೆ. ಅಧ್ಯಯನದ ಬಗೆಯನ್ನು ಶೀರ್ಷಿಕೆಯಲ್ಲೋ ಅಬ್‌ಸ್ಟ್ರ್ಯಾಕ್ಟಿನಲ್ಲೋ ಹೇಳಿ ಅಂತ, ಇಂಥ ಪೇಪರಿನಲ್ಲಿ ಏನೇನಿರಬೇಕು ಎಂದು ತಿಳಿಸುವ ಸ್ಟ್ರೋಬ್ ಪಟ್ಟಿಯೇ ಕೇಳುತ್ತದೆ. "ಒಂದೇ ಆಸ್ಪತ್ರೆ" ಅಂತ ಹಾಕಿ ನಮ್ಮ ಬೆಲೆ ನಾವೇ ಇಳಿಸಿಕೊಂಡೆವು ಅಂತ ಸಹ-ಲೇಖಕರು ಗೊಣಗಿದರು. ಬಿಡಲಿಲ್ಲ.

ಪದಗಳ ಆಯ್ಕೆಗೆ ಪಬ್‌ಮೆಡ್‌ನಲ್ಲಿ ಶೀರ್ಷಿಕೆಯಲ್ಲಷ್ಟೇ ಹುಡುಕಿದೆ:

```
"night shift"[ti] AND "blood pressure"[ti]
```

ನನ್ನ ಹಳೇ ಕರಡಿನಲ್ಲಿ `nocturnal duty` ಅಂತ ಇತ್ತು. ಅದನ್ನೇ ಇಟ್ಟಿದ್ದರೆ ಹೀಗೆ ಹುಡುಕುವವರಿಗೆ ನನ್ನ ಪೇಪರ್ ಸಿಗುತ್ತಲೇ ಇರಲಿಲ್ಲ. `BP` ಅಂತ ಚಿಕ್ಕದಾಗಿಯೂ ಬರೆಯಲಿಲ್ಲ, ತಳಿಶಾಸ್ತ್ರದವರಿಗೆ ಅದು ಬೇಸ್ ಪೇರ್.

ನಡುವೆ ಚೇಷ್ಟೆಗೆ ಇದೇ ಡೇಟಾದ ಪೋಸ್ಟರ್‌ಗೆ "ನಿದ್ದೆಗೆಟ್ಟವರ ಎದೆಬಡಿತ" ಅಂತ ಹೆಸರಿಟ್ಟಿದ್ದೆ. ಜನ ನಕ್ಕರು, ಫೋಟೋ ತೆಗೆದರು. ನಾವು ಎದೆಬಡಿತ ಅಳೆದೇ ಇರಲಿಲ್ಲ!

ಶೀರ್ಷಿಕೆಯಿಂದಲೇ ಪೇಪರ್ ಗೆದ್ದಿತು ಅಂದರೆ ಮೂರನೇ ಸಲದ ತಪ್ಪನ್ನೇ ಮತ್ತೆ ಮಾಡಿದ ಹಾಗೆ. ಪತ್ರಿಕೆಯೂ ಬೇರೆಯಾಗಿತ್ತು, ಎಡಿಟರೂ ಬೇರೆ. ಮೊನ್ನೆ ಅದೇ ಸಹ-ಲೇಖಕರು ತಮ್ಮ ಹೊಸ ಪೇಪರಿನ ಶೀರ್ಷಿಕೆ ಕಳಿಸಿ "ಸ್ವಲ್ಪ ನೋಡ್ತೀರಾ?" ಅಂದರು. 27 ಪದ. ಮೊದಲ ಎಂಟಕ್ಕೆ ಅಡ್ಡಗೆರೆ ಹಾಕಿ ವಾಪಸ್ ಕಳಿಸಿದ್ದೇನೆ.