ಮೊದಲು–ನಂತರ ಚಿತ್ರದ ಕೆಳಗೆ ಬರೆಯುವ ನಾಲ್ಕು ಸಾಲು

ಸ್ಟುಡಿಯೋದವರ ಬಾಯಲ್ಲಿ ಓಡಾಡುವ ಒಂದು ಮಾತಿದೆ: ‘ಸ್ವಲ್ಪ ಟಚಪ್ ಮಾಡಿದ್ದೇವೆ.’ ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ಸುಕ್ಕು ತುಂಬುತ್ತಿದ್ದ ಕಾಲದಲ್ಲಿಯೂ ಅದು ಟಚಪ್, ಇಂದು ಮೊಬೈಲಿನಲ್ಲಿ ಮೂಗು ಸಣ್ಣದು ಮಾಡಿದರೂ ಟಚಪ್. ಮೊದಲಿನ ಮತ್ತು ನಂತರದ ಚಿತ್ರಗಳನ್ನು ಜೋಡಿಸಿ ಇನ್‌ಸ್ಟಾಗ್ರಾಮಿಗೆ ಹಾಕುವಾಗ ಈ ಪದವನ್ನು ಬಿಟ್ಟುಬಿಡಿ. ಅದು ಏನನ್ನೂ ಹೇಳುವುದಿಲ್ಲ. ಅದರ ಜಾಗದಲ್ಲಿ ಮೂರು ಕ್ರಿಯಾಪದಗಳು ಸಾಕು: ಸರಿಪಡಿಸಿದ್ದೇನೆ, ತೆಗೆದಿದ್ದೇನೆ, ಬದಲಿಸಿದ್ದೇನೆ.

ಬೆಳಕು, ಬಣ್ಣ, ಚೌಕಟ್ಟು ತಿದ್ದಿದರೆ ‘ಸರಿಪಡಿಸಿದ್ದೇನೆ’. ಚಿತ್ರದಲ್ಲಿದ್ದ ವಸ್ತು ಅಥವಾ ಗುರುತು ಈಗ ಇಲ್ಲವಾದರೆ ‘ತೆಗೆದಿದ್ದೇನೆ’. ಚರ್ಮದ ನುಣುಪು, ಮೈಬಣ್ಣ, ಮುಖದ ಆಕಾರ ಬೇರೆಯಾಗಿದ್ದರೆ ‘ಬದಲಿಸಿದ್ದೇನೆ’. ನಾರ್ವೆ ದೇಶದಲ್ಲಿ 2022ರ ಜುಲೈ 1ರಿಂದ ಜಾಹೀರಾತುಗಳಲ್ಲಿ ದೇಹದ ಆಕಾರ, ಗಾತ್ರ ಅಥವಾ ಚರ್ಮವನ್ನು ತಿದ್ದಿದ್ದರೆ ಗುರುತು ಹಾಕಲೇಬೇಕು ಎಂಬ ನಿಯಮ ಬಂದಿದೆ. ನೋಡುಗರು ತಮ್ಮನ್ನು ಹೋಲಿಸಿಕೊಳ್ಳುವುದು ಇವುಗಳ ಜೊತೆಗೇ ಆದ್ದರಿಂದ ನಾನೂ ಗೆರೆಯನ್ನು ಅಲ್ಲಿಯೇ ಎಳೆಯುತ್ತೇನೆ.

ಒಂದು ಚಿತ್ರವನ್ನೇ ಹಿಡಿದು ನೋಡೋಣ. ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ, ಕುಣಿಮಗ್ಗವಿರುವ ಒಂದು ಮನೆಯಲ್ಲಿ, ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದ ಅಜ್ಜಿಯೊಬ್ಬರ ಭಾವಚಿತ್ರ. ಎಡಕ್ಕೆ ಕಿಟಕಿಯ ಬೆಳಕು, ತಲೆಯ ಮೇಲೆ ಟ್ಯೂಬ್‌ಲೈಟು. ಹಾಗಾಗಿ ಮುಖದ ಬಲಭಾಗ ಹಸಿರಿಗೆ ತಿರುಗಿತ್ತು, ಸೀರೆಯ ಕೆಂಪು ಸೆರಗು ಮಂಕಾಗಿ ಕಂದು ಬಣ್ಣದಂತೆ ಕಾಣುತ್ತಿತ್ತು. ಕೆನ್ನೆಯ ಮೇಲೆ ಒಂದು ಗುಳ್ಳೆ, ಹಿಂದಿನ ಗೋಡೆಯ ಮೇಲೆ ಜೋತುಬಿದ್ದ ವೈರು.

ಶೀರ್ಷಿಕೆಯ ಕೆಲಸ ಎಡಿಟಿಂಗ್‌ಗಿಂತ ಮೊದಲೇ ಶುರುವಾಗುತ್ತದೆ. ಅಜ್ಜಿಗೆ ಕ್ಯಾಮೆರಾದ ಪರದೆಯನ್ನು ತೋರಿಸಿ, ‘ಅವ್ವಾ, ಈ ಗುಳ್ಳೆ ತೆಗೆಯಲೇ?’ ಎಂದು ಕೇಳಿದೆ. ‘ಅದು ನಾಲ್ಕು ದಿನದಲ್ಲಿ ಹೋಗುವುದೇ, ತೆಗೆಯಪ್ಪ. ಮೂಗಿನ ಪಕ್ಕದ ಮಚ್ಚೆ ಮಾತ್ರ ಮುಟ್ಟಬೇಡ. ನನ್ನ ತಾಯಿಗೂ ಅಲ್ಲಿಯೇ ಇತ್ತು’ ಎಂದರು. ಯಾವುದನ್ನು ತೆಗೆಯಬಹುದು, ಯಾವುದನ್ನು ಬಿಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಬೇರೆ ಸಿಕ್ಕಿಲ್ಲ: ವಾರದಲ್ಲಿ ಹೋಗುವಂಥದ್ದನ್ನು ತೆಗೆಯಿರಿ, ಜೀವಮಾನವಿಡೀ ಇರುವಂಥದ್ದನ್ನು ಬಿಡಿ. ಎರಡೂ ಚಿತ್ರಗಳನ್ನು ಹಾಕುವುದಕ್ಕೆ ಒಪ್ಪಿಗೆಯನ್ನೂ ಆಗಲೇ ಕೇಳಿ. ತನ್ನ ‘ಮೊದಲಿನ’ ಮುಖ ಊರಿಗೆಲ್ಲ ಕಾಣುತ್ತದೆ ಎಂಬುದು ಎಷ್ಟೋ ಜನರಿಗೆ ಹೊಳೆದಿರುವುದಿಲ್ಲ.

ಇನ್ನು ಎಡಿಟಿಂಗ್. ಚಿತ್ರವನ್ನು ಮೂರು ಹಂತಗಳಲ್ಲಿ ಉಳಿಸಿಕೊಳ್ಳಿ: ಮೂಲ ಚಿತ್ರ, ಬೆಳಕು–ಬಣ್ಣ ಮಾತ್ರ ತಿದ್ದಿದ ಚಿತ್ರ, ಎಲ್ಲ ಮುಗಿದ ಚಿತ್ರ. ನಡುವಿನದನ್ನು ಹೆಚ್ಚಿನವರು ಉಳಿಸಿಕೊಳ್ಳುವುದಿಲ್ಲ, ಆದರೆ ಪ್ರಾಮಾಣಿಕ ಶೀರ್ಷಿಕೆಗೆ ಬೇಕಾಗುವುದು ಅದೇ. ಫೋಟೋಶಾಪ್‌ನಲ್ಲಿ ನಡುವಿನ ಚಿತ್ರದ ಮೇಲೆ ಕೊನೆಯ ಚಿತ್ರವನ್ನು ಪದರವಾಗಿ ಇಟ್ಟು, ಆ ಪದರದ ಬ್ಲೆಂಡ್ ಮೋಡನ್ನು Difference ಎಂದು ಬದಲಿಸಿ. ಎರಡರಲ್ಲಿಯೂ ಒಂದೇ ರೀತಿ ಇರುವ ಜಾಗವೆಲ್ಲ ಕಪ್ಪಾಗುತ್ತದೆ, ನೀವು ಕೈಯಾಡಿಸಿದ ಕಡೆ ಮಾತ್ರ ಬೆಳಕು ಮೂಡುತ್ತದೆ. ಮೂಲ ಚಿತ್ರದ ಮೇಲೆಯೇ ಇಟ್ಟರೆ ಬೆಳಕಿನ ತಿದ್ದುಪಡಿಯಿಂದಾಗಿ ಎಲ್ಲ ಕಡೆಯೂ ಹೊಳೆದು ಏನೂ ತಿಳಿಯುವುದಿಲ್ಲ. ಮಬ್ಬಾದ ಗುರುತುಗಳು ಕಾಣದಿದ್ದರೆ ಮೇಲೊಂದು ಲೆವೆಲ್ಸ್ ಪದರ ಹಾಕಿ ಹೊಳಪು ಏರಿಸಿ.

ಅಜ್ಜಿಯ ಚಿತ್ರದಲ್ಲಿ ಗುಳ್ಳೆಯ ಜಾಗ ಹೊಳೆಯಿತು, ವೈರಿನ ಗೆರೆ ಹೊಳೆಯಿತು. ಜೊತೆಗೆ ಎರಡೂ ಕಣ್ಣುಗಳ ಕೆಳಗೆ ತೆಳುವಾದ ಅರ್ಧಚಂದ್ರಗಳು ಮೂಡಿದವು. ಅಲ್ಲಿನ ನೆರಳನ್ನು ಬ್ರಷ್‌ನಿಂದ ತಿಳಿಗೊಳಿಸಿದ್ದು ನನಗೆ ಮರೆತೇ ಹೋಗಿತ್ತು! ಕೈ ತನ್ನ ರೂಢಿಯಂತೆ ಮಾಡಿಬಿಟ್ಟಿತ್ತು. ನೆನಪನ್ನು ನಂಬಿ ಶೀರ್ಷಿಕೆ ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು.

ಮೈಬಣ್ಣದ ವಿಷಯಕ್ಕೆ ಬಂದರೆ ಈ ಪರೀಕ್ಷೆಯೊಂದೇ ಸಾಲದು. ‘ಬೆಳಕು ಹೆಚ್ಚಿಸಿದ್ದೇನೆ’ ಎಂಬ ಮಾತಿನ ಹಿಂದೆ ಮುಖವನ್ನು ಬೆಳ್ಳಗೆ ಮಾಡುವ ಕೆಲಸ ಅಡಗಿಕೊಳ್ಳುತ್ತದೆ. ಮದುವೆ ಆಲ್ಬಮ್‌ಗಳಲ್ಲಿ ಇದನ್ನು ನೋಡಿ ನೋಡಿ ನನಗೆ ಬೇಸರವಾಗಿದೆ. ಪತ್ತೆ ಹಚ್ಚುವುದು ಸುಲಭ: ಎರಡೂ ಚಿತ್ರಗಳಲ್ಲಿ ಮುಖವನ್ನಷ್ಟೇ ಅಲ್ಲ, ಕತ್ತು ಮತ್ತು ಕೈಗಳನ್ನೂ ಹೋಲಿಸಿ. ಚಿತ್ರಕ್ಕೆಲ್ಲ ಬೆಳಕು ಏರಿಸಿದ್ದರೆ ಮೂರೂ ಒಟ್ಟಿಗೆ ತಿಳಿಯಾಗಿರುತ್ತವೆ. ಮುಖ ಮಾತ್ರ ತಿಳಿಯಾಗಿ ಕಂಡಿಕೆ ಹಿಡಿದ ಕೈ ಹಾಗೆಯೇ ಉಳಿದಿದ್ದರೆ ಅದು ಬೆಳಕಲ್ಲ, ಮೈಬಣ್ಣದ ಬದಲಾವಣೆ. ಆಗ ‘ಮುಖದ ಬಣ್ಣ ತಿಳಿಗೊಳಿಸಿದ್ದೇನೆ’ ಎಂದು ಬರೆಯಬೇಕು. ಬರೆಯಲು ಮನಸ್ಸು ಹಿಂಜರಿದರೆ ಎಡಿಟಿಂಗನ್ನೇ ಹಿಂದಕ್ಕೆ ತೆಗೆದುಕೊಳ್ಳಿ.

ಸೀರೆಯ ವಿಷಯದಲ್ಲಿಯೂ ಹೀಗೆಯೇ. ಹಸಿರು ಛಾಯೆ ತೆಗೆದೊಡನೆ ಸೆರಗಿನ ಕೆಂಪು ಎದ್ದು ಬಂದಿತು. ಆದ್ದರಿಂದ ‘ಬಣ್ಣ ಮುಟ್ಟಿಲ್ಲ’ ಎನ್ನುವಂತಿಲ್ಲ. ಅದೇ ಬೆಳಕಿನಲ್ಲಿ ಗ್ರೇ ಕಾರ್ಡ್ ಹಿಡಿದು ಒಂದು ಚಿತ್ರ ತೆಗೆದುಕೊಂಡಿದ್ದೆ, ಬಣ್ಣವನ್ನು ಅದಕ್ಕೆ ಹೊಂದಿಸಿದೆ. ಆಮೇಲೆ ಸೀರೆಯನ್ನೇ ಹಗಲು ಬೆಳಕಿನಲ್ಲಿ ಪರದೆಯ ಪಕ್ಕ ಹಿಡಿದು ನೋಡಿದೆ. ನೇಕಾರರ ಮನೆಯ ಚಿತ್ರ ನೋಡಿ ಸೀರೆ ಕೊಳ್ಳಲು ಬರುವವರಿದ್ದಾರೆ. ಕೆಂಪಿಗೆ ಇಲ್ಲದ ಹೊಳಪು ಕೊಟ್ಟರೆ ಜಗಳ ಬೀಳುವುದು ನೇಕಾರರ ತಲೆಯ ಮೇಲೆ.

‘ಮೊದಲು’ ಎಂದು ಹಾಕುವ ಚಿತ್ರವೂ ಪ್ರಾಮಾಣಿಕವಾಗಿರಬೇಕು. ಎರಡೂ ಒಂದೇ ಕ್ಲಿಕ್ಕಿನವಾಗಿರಲಿ. ಮೊದಲಿನದರಲ್ಲಿ ಮುಖ ಗಂಟಿಕ್ಕಿ, ನಂತರದ್ದರಲ್ಲಿ ನಗು ಇದ್ದರೆ ಅದು ಎಡಿಟಿಂಗ್‌ನ ಫಲವಲ್ಲ. ರಾ ಫೈಲು ತನ್ನಷ್ಟಕ್ಕೆ ಸಪ್ಪೆಯಾಗಿ ಕಾಣುವುದರಿಂದ ಅದನ್ನೇ ‘ಮೊದಲು’ ಎಂದು ಇಟ್ಟರೆ ನಿಮ್ಮ ಕೆಲಸ ಇರುವುದಕ್ಕಿಂತ ದೊಡ್ಡದಾಗಿ ತೋರುತ್ತದೆ. ಕ್ಯಾಮೆರಾ ಕೊಟ್ಟ ಜೆಪೆಗ್ ಚಿತ್ರವನ್ನೇ ಇಡಿ. ಮೊಬೈಲಿನಲ್ಲಿ ತೆಗೆಯುವವರು ಬ್ಯೂಟಿ ಮೋಡ್ ಆಫ್ ಮಾಡಿದ್ದೀರೋ ಇಲ್ಲವೋ ನೋಡಿಕೊಳ್ಳಿ. ಅದು ಇದ್ದರೆ ‘ಮೊದಲು’ ಚಿತ್ರದಲ್ಲಿಯೇ ಚರ್ಮ ನುಣುಪಾಗಿರುತ್ತದೆ.

ಈಗ ಬರೆಯುವ ಹೊತ್ತು. ಇನ್‌ಸ್ಟಾಗ್ರಾಮ್ 2,200 ಅಕ್ಷರಗಳವರೆಗೆ ಅವಕಾಶ ಕೊಟ್ಟರೂ ಬೆರಳಾಡಿಸುತ್ತ ಹೋಗುವವರಿಗೆ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಹಾಗಾಗಿ ಎಡಿಟಿಂಗ್‌ನ ಮಾತು ಮೊದಲು, ಊರು–ಕ್ಯಾಮೆರಾ–ಹ್ಯಾಶ್‌ಟ್ಯಾಗ್ ಎಲ್ಲ ಆಮೇಲೆ. ವ್ಯಕ್ತಿಯ ಕೊರತೆಗಳ ಪಟ್ಟಿಯಂತೆ ಬರೆಯಬೇಡಿ. ‘ಅಸಹ್ಯ ಕಲೆ ಹೋಗಲಾಡಿಸಿದ್ದೇನೆ’ ಎನ್ನುವುದು ಸತ್ಯದ ಹೆಸರಿನಲ್ಲಿ ಅವಮಾನ. ಎಷ್ಟು, ಎಲ್ಲಿ ಎಂಬುದನ್ನಷ್ಟೇ ಹೇಳಿ. ಮುಟ್ಟದೆ ಬಿಟ್ಟಿದ್ದನ್ನೂ ಸೇರಿಸಿ, ಚಿತ್ರ ನೋಡಿ ಜನ ಅನುಮಾನಪಡುವುದು ಅದನ್ನೇ.

ಅಜ್ಜಿಯ ಚಿತ್ರದ ಕೆಳಗೆ ಮೊದಲು ‘ಬೆಳಕು ತಿದ್ದಿ, ಸ್ವಲ್ಪ ಕ್ಲೀನ್ ಮಾಡಿದ್ದು’ ಎಂದು ಬರೆದಿದ್ದೆ. ಅದನ್ನು ಅಳಿಸಿ ಹೀಗೆ ಬರೆದೆ:

‘ಬೆಳಕು, ಬಣ್ಣ ಸರಿಪಡಿಸಿದ್ದೇನೆ. ಕೆನ್ನೆಯ ಒಂದು ಗುಳ್ಳೆ, ಗೋಡೆಯ ವೈರು ತೆಗೆದಿದ್ದೇನೆ. ಕಣ್ಣ ಕೆಳಗಿನ ನೆರಳು ತುಸು ತಿಳಿಗೊಳಿಸಿದ್ದೇನೆ. ಸುಕ್ಕು, ಮಚ್ಚೆ, ಮುಖದ ಆಕಾರ ಮುಟ್ಟಿಲ್ಲ.’

ಹಾಕುವ ಮುನ್ನ ಅಜ್ಜಿಯ ಮೊಮ್ಮಗಳಿಗೆ ಕಳುಹಿಸಿದೆ. ಅವಳು ಅದನ್ನು ಅಜ್ಜಿಗೆ ಓದಿ ಹೇಳಿ, ಒಂದೇ ತಿದ್ದುಪಡಿ ಕೇಳಿದಳು: ‘ಅಣ್ಣಾ, ಮಚ್ಚೆಯನ್ನು ಸುಕ್ಕಿಗಿಂತ ಮುಂಚೆ ಹಾಕಬೇಕಂತೆ.’ ಹಾಗೆಯೇ ಹಾಕಿದೆ.